ದೇವರ ಬಗ್ಗೆ ಕೇಳುವ ಮುನ್ನ ನಿನ್ನೆಯ ಬಗ್ಗೆ ಕೇಳಿ

‘ನಿಮ್ಮ ಧರ್ಮ ಯಾವುದು?’

‘ಹಿಂದೂ.’

‘ದಿನಾ ಪೂಜೆ ಮಾಡುತ್ತೀರಾ?’

‘ಹೂಂ, ಮಾಡ್ತೀವ್ರೀ.’

‘ಯಾವ ಯಾವ ಹಬ್ಬ ಮಾಡುತ್ತೀರಿ?’

‘ಎಲ್ಲಾ ಮಾಡ್ತೀವ್ರೀ. ಯುಗಾದಿ, ದಸರಾ, ದೀಪಾವಳಿ.’

ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡಿನಲ್ಲಿರುವ, ಯಾದಗಿರಿ ಕಡೆಯಿಂದ ಗುಳೆ ಬಂದು ಕಟ್ಟಡ ಕೆಲಸ ಮಾಡುವ ಹೆಣ್ಣುಮಗಳೊಬ್ಬಳನ್ನು ಹೀಗೆ ಕೇಳಿದರೆ ಹೆಚ್ಚುಕಡಿಮೆ ಇಂಥದೇ ಉತ್ತರ ಸಿಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ, ಹಾಗೆಯೇ ತಿಳಿದುಕೊಂಡಂಥದ್ದೂ ಏನೂ ಇಲ್ಲ. ಅವಳ ಊರಿನಲ್ಲಿ ವರ್ಷದ ದೊಡ್ಡ ಹಬ್ಬ ಮೊಹರಂ ಆಗಿರಬಹುದು. ರಾಯಚೂರು, ಯಾದಗಿರಿ, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳೂ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಪೀರಲ ದೇವರಿಗೆ ಹರಕೆ ಹೊರುತ್ತಾರೆ. ಗುಳೆ ಹೋದವರು ರಜೆ ಹಾಕಿ, ಕೂಲಿ ಬಿಟ್ಟು ಆ ಹಬ್ಬಕ್ಕೆ ಊರು ಸೇರುತ್ತಾರೆ. ಮೊದಲ ಪ್ರಶ್ನೆಗೆ ‘ಹಿಂದೂ’ ಎಂದು ಹೇಳಿಬಿಟ್ಟವಳು ಮೂರನೆಯ ಪ್ರಶ್ನೆಗೆ ಹಿಂದೂ ಹಬ್ಬಗಳನ್ನೇ ಹೆಕ್ಕಿ ಹೇಳಿದಳು. ಅವಳ ಬಾಯಿಂದ ಮೊಹರಂ ಬರದಂತೆ ತಡೆದದ್ದು ಪ್ರಶ್ನೆ ಕೇಳಿದವರ ಕೈಯಲ್ಲಿದ್ದ ಹಾಳೆ.

ಆ ಹಾಳೆಗೆ ಸಂದರ್ಶನ ಮಾರ್ಗದರ್ಶಿ ಎನ್ನುತ್ತಾರೆ. ಸಮಾಜಶಾಸ್ತ್ರ, ಮಾನವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಇಂಟರ್‌ವ್ಯೂ ಗೈಡ್. ಜನಗಣತಿಯವರು ತರುವ ಪ್ರಶ್ನಾವಳಿ ಬೇರೆ, ಇದು ಬೇರೆ. ಪ್ರಶ್ನಾವಳಿಯಲ್ಲಿ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಅದೇ ಉತ್ತರದ ಚೌಕ. ಮಾರ್ಗದರ್ಶಿಯಲ್ಲಿ ಹತ್ತು ಹನ್ನೆರಡು ತೆರೆದ ಪ್ರಶ್ನೆಗಳು, ಪ್ರತಿಯೊಂದರ ಕೆಳಗೆ ನೆನಪಿಗೆಂದು ಮೂರು ನಾಲ್ಕು ಉಪಪ್ರಶ್ನೆಗಳು ಇರುತ್ತವೆ. ಎರಡು ಪುಟ ಮೀರುವುದಿಲ್ಲ. ಒಂದು, ಒಂದೂವರೆ ಗಂಟೆಯ ಮಾತುಕತೆಗೆ ಅಷ್ಟು ಸಾಕು. ಕ್ರಮ ಹಿಂದುಮುಂದಾದರೂ ನಡೆಯುತ್ತದೆ, ಎದುರಿನವರು ತಾವಾಗಿ ಹೇಳಿದ್ದನ್ನು ಮತ್ತೆ ಕೇಳಬೇಕಿಲ್ಲ. ಆ ಎರಡು ಪುಟ ಸಿದ್ಧವಾಗುವ ಬಗೆಯನ್ನು ಇಲ್ಲಿ ಒಂದೇ ಉದಾಹರಣೆಯಿಂದ ನೋಡೋಣ. ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಬಂದ ಕಟ್ಟಡ ಕಾರ್ಮಿಕರ ದಿನನಿತ್ಯದ ದೇವರು ದಿಂಡರು ನಗರದಲ್ಲಿ ಏನಾಗುತ್ತವೆ ಎಂಬ ಅಧ್ಯಯನ ನಮ್ಮದು ಎಂದಿಟ್ಟುಕೊಳ್ಳಿ.

ಅಧ್ಯಯನದ ಪ್ರಶ್ನೆ ಬಾಯಿಗೆ ಬರಬಾರದು

ಹೊಸಬರು ಹೆಚ್ಚಾಗಿ ಎಡವುವುದು ಮೊದಲ ಹೆಜ್ಜೆಯಲ್ಲೇ. ತಮ್ಮ ಅಧ್ಯಯನದ ಪ್ರಶ್ನೆಯನ್ನೇ ಜನರ ಮುಂದಿಡುತ್ತಾರೆ. ‘ನಗರಕ್ಕೆ ಬಂದ ಮೇಲೆ ನಿಮ್ಮ ಧಾರ್ಮಿಕ ಆಚರಣೆಗಳು ಹೇಗೆ ಬದಲಾಗಿವೆ?’ ಇದಕ್ಕೆ ಉತ್ತರ ಹುಡುಕಬೇಕಾದವರು ಅಧ್ಯಯನ ಮಾಡುವವರೇ. ದಿನವಿಡೀ ಬಾಂಡ್ಲಿ ಹೊತ್ತು ಬಂದವಳಿಗೆ ಅದನ್ನು ದಾಟಿಸಿದರೆ ಅವಳು ಮರ್ಯಾದೆಗೆ ಏನೋ ಒಂದು ಹೇಳುತ್ತಾಳೆ: ‘ಊರಾಗಿದ್ದಂಗ ಇಲ್ಲಿ ಆಗಂಗಿಲ್ರೀ.’ ಮಾತು ಅಲ್ಲಿಗೆ ಮುಗಿಯಿತು.

ದೊಡ್ಡ ಪ್ರಶ್ನೆಯನ್ನು ಮೊದಲು ಎಳೆಗಳಾಗಿ ಬಿಡಿಸಿಕೊಳ್ಳಬೇಕು. ನಮ್ಮ ಅಧ್ಯಯನಕ್ಕೆ ನಾಲ್ಕು ಎಳೆ ಸಾಕು. ಒಂದು, ಶೆಡ್ಡಿನೊಳಗಿನ ದಿನ: ದೇವರ ಪಟ ಎಲ್ಲಿದೆ, ದೀಪ ಹಚ್ಚುವವರು ಯಾರು, ಯಾವಾಗ. ಎರಡು, ವಾರ ಮತ್ತು ವರ್ಷದ ಲೆಕ್ಕ: ಸೋಮವಾರ, ಅಮಾವಾಸ್ಯೆ, ಜಾತ್ರೆ. ಮೂರು, ಕಷ್ಟ ಬಂದಾಗ ಮಾಡಿದ್ದು: ಹರಕೆ, ತಾಯತ, ದರ್ಗಾ, ಪ್ರಾರ್ಥನೆ. ನಾಲ್ಕು, ಊರಿನ ದೇವರ ಜೊತೆಗಿನ ನಂಟು: ಕಳಿಸುವ ಪಟ್ಟಿ ಹಣ, ಹೋಗಿಬರುವ ಜಾತ್ರೆ, ಫೋನಿನಲ್ಲಿ ನೋಡುವ ತೇರು. ಈ ನಾಲ್ಕೂ ಅಧ್ಯಯನಕಾರರ ಟಿಪ್ಪಣಿಯಲ್ಲಿರಬೇಕೇ ಹೊರತು ಪ್ರಶ್ನೆಯಾಗಿ ಬಾಯಿಗೆ ಬರಬಾರದು.

ಎಳೆಗಳನ್ನು ಆರಿಸಲು ಆ ಸೀಮೆಯ ಬದುಕು ಗೊತ್ತಿರಬೇಕು. ಬಡಗಣ ಊರುಗಳಲ್ಲಿ ಬಹಳ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಬಸವಣ್ಣನಿಗೆ ಅಂದು ಬಿಡುವು. ಬೆಂಗಳೂರಿನ ಕೆಲಸದಲ್ಲಿ ರಜೆ ಭಾನುವಾರಕ್ಕೆ. ಹಾಗಾದರೆ ಸೋಮವಾರ ಏನಾಯಿತು? ಎಳ್ಳಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಎಡೆ ಮಾಡಿ ಭೂಮಿತಾಯಿಗೆ ಚರಗ ಚೆಲ್ಲುವ ಪದ್ಧತಿ ಉಂಟು. ಹೊಲವೇ ಇಲ್ಲದ ನಗರದಲ್ಲಿ ಆ ದಿನ ಹೇಗೆ ಕಳೆಯುತ್ತದೆ? ಇಂಥ ವಿವರ ಗೊತ್ತಿದ್ದವರ ಮಾರ್ಗದರ್ಶಿಗೂ ಗೊತ್ತಿಲ್ಲದವರ ಮಾರ್ಗದರ್ಶಿಗೂ ಅಜಗಜಾಂತರ.

ಧರ್ಮವನ್ನು ಗುಡಿ, ಗ್ರಂಥ, ಗುರುಗಳ ಕಡೆಯಿಂದ ನೋಡದೆ ಮನೆ, ಬೀದಿ, ಕಾಯಿಲೆ, ಮುನಿಸುಗಳ ಕಡೆಯಿಂದ ನೋಡುವ ಕ್ರಮಕ್ಕೆ ವಿದ್ವತ್ ಲೋಕದಲ್ಲಿ ಈಗಾಗಲೇ ನೆಲೆ ಇದೆ. ಅಮೆರಿಕದ ರಾಬರ್ಟ್ ಓರ್ಸಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ಗೆ ವಲಸೆ ಬಂದ ಇಟಾಲಿಯನ್ನರ ಮಾತೆಯ ಉತ್ಸವದ ಬಗ್ಗೆ 1985ರಲ್ಲಿ ಒಂದು ಪುಸ್ತಕ ತಂದರು. ಚರ್ಚು ಏನು ಬೋಧಿಸಿತು ಎನ್ನುವುದಕ್ಕಿಂತ ಜನ ಮಾತೆಯ ಬಳಿ ಏನು ಬೇಡಿದರು, ಬೀದಿಯಲ್ಲಿ, ಅಡುಗೆಮನೆಯಲ್ಲಿ ಏನು ಮಾಡಿದರು ಎಂಬುದೇ ಅಲ್ಲಿ ಮುಖ್ಯ. ನಮ್ಮ ಶೆಡ್ಡುಗಳನ್ನು ನೋಡುವುದಕ್ಕೂ ಈ ಕಣ್ಣು ಒಗ್ಗುತ್ತದೆ.

ಒಂದು ಪ್ರಶ್ನೆಯನ್ನು ತಿದ್ದಿ ನೋಡೋಣ

‘ದಿನಾ ಪೂಜೆ ಮಾಡುತ್ತೀರಾ?’ ಎಂಬ ಪ್ರಶ್ನೆಯಲ್ಲಿ ಮೂರು ದೋಷಗಳಿವೆ. ಹೌದು ಅಥವಾ ಇಲ್ಲ ಎಂದರೆ ಮುಗಿಯುತ್ತದೆ. ಮಾಡುವುದೇ ಸರಿ ಎಂಬ ಸೂಚನೆ ಅದರೊಳಗೇ ಇರುವುದರಿಂದ ಇಲ್ಲ ಎನ್ನಲು ಯಾರಿಗಾದರೂ ಸಂಕೋಚ. ಎಲ್ಲಕ್ಕಿಂತ ಹೆಚ್ಚಾಗಿ, ಮಾಡುವ ಎಷ್ಟೋ ಕೆಲಸಗಳನ್ನು ಅವಳು ಪೂಜೆಯ ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಒಲೆ ಹಚ್ಚುವಾಗ ಕೈಮುಗಿಯುವುದು, ಮಗುವಿನ ಕೊರಳಿಗೆ ಕಟ್ಟಿದ ದಾರ, ಕೆಲಸದ ಜಾಗದಲ್ಲಿ ಮೊದಲ ಬುಟ್ಟಿ ಎತ್ತುವಾಗಿನ ಉದ್ಗಾರ ಇವೆಲ್ಲ ಅವಳ ಪಾಲಿಗೆ ಬರೀ ರೂಢಿ.

ಅಮೆರಿಕದ ಮಾನವಶಾಸ್ತ್ರಜ್ಞ ಜೇಮ್ಸ್ ಸ್ಪ್ರಾಡ್ಲಿ 1979ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ದಾರಿ ತೋರಿಸಿದ್ದಾರೆ. ಎದುರಿನವರು ನಮ್ಮನ್ನು ತಮ್ಮ ಲೋಕದೊಳಗೆ ಸುತ್ತಾಡಿಸಿಕೊಂಡು ಬರುವಂತೆ ಕೇಳುವುದು. ಅದನ್ನು ಅನುಸರಿಸಿ ಪ್ರಶ್ನೆಯನ್ನು ಹೀಗೆ ತಿದ್ದಬಹುದು: ‘ಅಕ್ಕಾ, ನಿನ್ನೆ ಬೆಳಿಗ್ಗೆ ಎದ್ದಾಗಿಂದ ಕೆಲಸಕ್ಕೆ ಹೋಗೋ ತನಕ ಏನೇನು ಮಾಡಿದ್ರಿ, ಒಂದೊಂದಾಗಿ ಹೇಳ್ರೀ.’

ಇದರಲ್ಲಿ ದೇವರ ಸುದ್ದಿಯೇ ಇಲ್ಲ. ಉತ್ತರ ಹೀಗೆ ಸಾಗಬಹುದು: ಐದಕ್ಕೆ ಎದ್ದೆ, ಟ್ಯಾಂಕರಿನ ನೀರು ಬಂದಿರಲಿಲ್ಲ, ಡ್ರಮ್ಮಿನಲ್ಲಿದ್ದ ನೀರಲ್ಲೇ ಮುಖ ತೊಳೆದೆ, ಬಾಗಿಲ ಮುಂದೆ ನೀರು ಚಿಮುಕಿಸಿದೆ, ರೊಟ್ಟಿ ಬಡಿದೆ, ಮೇಸ್ತ್ರಿ ಕೂಗಿದ, ಹೋದೆವು. ಬಾಗಿಲ ಮುಂದಿನ ನೀರು ಇಲ್ಲಿ ಸಿಕ್ಕಿತು. ಈಗ ಉಪಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ. ಊರಲ್ಲಿ ಬಾಗಿಲ ಮುಂದೆ ಏನು ಮಾಡುತ್ತಿದ್ದಿರಿ? ಇಲ್ಲಿ ನೀರಿಲ್ಲದ ದಿನ ಏನು ಮಾಡುತ್ತೀರಿ? ಪಕ್ಕದ ಶೆಡ್ಡಿನವರು ಏನು ಮಾಡುತ್ತಾರೆ? ಸೆಗಣಿ ಸಾರಿಸಿದ ಅಂಗಳದಿಂದ ಜಲ್ಲಿಕಲ್ಲಿನ ನೆಲದವರೆಗೆ ಬಂದ ಒಂದು ರೂಢಿಯ ಇಡೀ ಕತೆ ಹೊರಬೀಳುವುದು ಈ ಹಂತದಲ್ಲಿ. ಅದು ನೀರಿನ ಟ್ಯಾಂಕರಿಗೆ ತಳಕು ಹಾಕಿಕೊಂಡಿದೆ ಎಂಬುದು ನಾವು ಊಹಿಸಿಯೇ ಇರದ ಸಂಗತಿ.

ಹಬ್ಬದ ಪ್ರಶ್ನೆಗೂ ಇದೇ ಮದ್ದು. ‘ಸಾಮಾನ್ಯವಾಗಿ ಏನು ಮಾಡುತ್ತೀರಿ’ ಎಂದರೆ ಜನ ಹೇಳುವುದು ಮಾಡಬೇಕಾದ್ದನ್ನು. ‘ಹೋದ ಅಮಾವಾಸ್ಯೆ ದಿನ ಏನು ಮಾಡಿದಿರಿ’ ಎಂದರೆ ಹೇಳುವುದು ಮಾಡಿದ್ದನ್ನು. ಅಂದು ಸ್ಲ್ಯಾಬ್ ಹಾಕುವ ಕೆಲಸವಿತ್ತು, ರಾತ್ರಿ ಹತ್ತಕ್ಕೆ ಬಂದೆವು, ಕಾಯಿ ಒಡೆಯಲಾಗಲಿಲ್ಲ, ಮರುದಿನ ಒಡೆದೆವು. ಮರುದಿನ ಒಡೆದರೂ ನಡೆಯುತ್ತದೆ ಎಂದು ತೀರ್ಮಾನಿಸಿದವರು ಯಾರು, ಊರಿನ ಅತ್ತೆಗೆ ಫೋನ್ ಮಾಡಿ ಕೇಳಿದರೇ, ತಾವೇ ನಿಶ್ಚಯಿಸಿದರೇ? ನಗರಕ್ಕೆ ಬಂದ ಮೇಲೆ ಆಚರಣೆ ಬದಲಾದದ್ದು ಹೇಗೆ ಎಂಬ ದೊಡ್ಡ ಪ್ರಶ್ನೆಗೆ ಉತ್ತರ ಇಂಥ ಸಣ್ಣ ತೀರ್ಮಾನದಲ್ಲಿದೆ.

ಹರಕೆಯ ವಿಷಯ ಇನ್ನೂ ನಾಜೂಕು. ‘ಹರಕೆ ಹೊತ್ತಿದ್ದೀರಾ?’ ಎನ್ನುವುದಕ್ಕಿಂತ ‘ಇಲ್ಲಿಗೆ ಬಂದ ಮೇಲೆ ಮನೆಯಾಗ ಯಾರಿಗಾದರೂ ಜೋರು ಜಡ್ಡಾಗಿತ್ತೇನ್ರೀ? ಆವಾಗ ಏನೇನು ಮಾಡಿದ್ರಿ?’ ಎನ್ನುವುದು ಲೇಸು. ಮೆಡಿಕಲ್ ಶಾಪಿನ ಮಾತ್ರೆ, ಸೂಜಿ, ದರ್ಗಾದ ತಾಯತ, ಊರ ದೇವರ ಹೆಸರಲ್ಲಿ ಬಟ್ಟೆಗೆ ಕಟ್ಟಿಟ್ಟ ಕಾಸು, ಪಕ್ಕದ ಶೆಡ್ಡಿನವಳು ಕರೆದುಕೊಂಡು ಹೋದ ಪ್ರಾರ್ಥನಾ ಮಂದಿರ ಎಲ್ಲವೂ ಒಂದೇ ಸಾಲಿನಲ್ಲಿ ಬರಬಹುದು. ಅವುಗಳನ್ನು ಬೇರೆ ಬೇರೆ ಧರ್ಮದ ಖಾನೆಗೆ ಹಾಕುವವರು ನಾವು. ಮಗುವಿನ ಜ್ವರ ಇಳಿಯಬೇಕಾದ ರಾತ್ರಿ ಅವಳಿಗೆ ಆ ಖಾನೆಗಳು ಕಾಣುವುದಿಲ್ಲ.

ಯಾವುದು ಮೊದಲು, ಯಾವುದು ಕೊನೆಗೆ

ಮಾತು ಶುರುವಾಗಬೇಕಾದ್ದು ದಾರಿಯಿಂದ: ಯಾವ ಊರು, ಮೊದಲ ಸಲ ಬಂದಾಗ ಯಾರ ಜೊತೆ ಬಂದಿರಿ, ಏನೇನು ಕಟ್ಟಿಕೊಂಡು ಬಂದಿರಿ. ಕೊನೆಯದು ಚಿಕ್ಕ ಪ್ರಶ್ನೆ, ಫಲ ದೊಡ್ಡದು. ಗಂಟಿನೊಳಗೆ ದೇವರ ಪಟವಿತ್ತೇ, ಭಂಡಾರದ ಪುಡಿಯಿತ್ತೇ, ಇಲ್ಲಿಗೆ ಬಂದ ಮೇಲೆ ಕೊಂಡ ಕ್ಯಾಲೆಂಡರೇ ಈಗ ದೇವರ ಪಟವೇ ಎಂಬುದು ಅದರಿಂದ ಗೊತ್ತಾಗುತ್ತದೆ.

ಆಮೇಲೆ ನಿನ್ನೆಯ ದಿನ, ಹೋದ ಅಮಾವಾಸ್ಯೆ, ಹೋದ ಜಾತ್ರೆ. ಕೆಲಸದ ಜಾಗದ ಆಚರಣೆ ನಡುವೆ ಬರಲಿ. ಆಯುಧಪೂಜೆಯಂದು ಕರಣೆ, ಗುದ್ದಲಿ, ತೂಗುಗುಂಡಿಗೆ ಕುಂಕುಮ ಹಚ್ಚಿದವರಾರು, ಮಾಲೀಕರ ಗುದ್ದಲಿ ಪೂಜೆಯಲ್ಲಿ ಕೂಲಿಯವರು ಎಲ್ಲಿ ನಿಂತಿದ್ದರು, ಪ್ರಸಾದ ಅವರವರೆಗೆ ಬಂತೇ? ಕಾಯಿಲೆ, ಸಾವು, ಹರಕೆಯ ಮಾತು ಅರ್ಧ ದಾರಿ ಕಳೆದ ಮೇಲೆ, ನಂಬಿಕೆ ಕುದುರಿದ ಮೇಲೆ. ಆದರೆ ಸಂದರ್ಶನವನ್ನು ಸಾವಿನ ಮಾತಿನ ಮೇಲೆ ಮುಗಿಸಬಾರದು. ‘ಮುಂದಿನ ಜಾತ್ರೆಗೆ ಊರಿಗೆ ಹೋಗ್ತೀರೇನ್ರೀ?’ ಎಂಬಂಥ ಹಗುರ ಪ್ರಶ್ನೆಯಿಂದ ಅವರನ್ನು ಮತ್ತೆ ಸಂಜೆಯ ಅಡುಗೆಗೆ ಬಿಟ್ಟುಕೊಡಬೇಕು.

ಧರ್ಮ, ಜಾತಿ, ವಯಸ್ಸು, ಓದು ಎಲ್ಲಕ್ಕಿಂತ ಕೊನೆಗೆ. ಅವು ಬೇಕು, ಆದರೆ ಮೊದಲಲ್ಲೇ ಕೇಳಿದರೆ ಉಳಿದ ಉತ್ತರಗಳೆಲ್ಲ ಆ ಹೆಸರಿಗೆ ತಕ್ಕಂತೆ ರೂಪ ತಾಳುತ್ತವೆ. ಮೊಹರಂ ಕಳೆದುಹೋದದ್ದು ಹಾಗೆಯೇ ಅಲ್ಲವೇ?

ಕೇಳಬಾರದ್ದು

ಮಾರ್ಗದರ್ಶಿಯಲ್ಲಿ ಏನಿರಬಾರದು ಎಂಬುದಕ್ಕೂ ಅಷ್ಟೇ ತೂಕ. ಈ ಸೀಮೆಯ ಆಚರಣೆಗಳನ್ನು ಮುಟ್ಟುವ ಕಾನೂನುಗಳಿವೆ. ಸಾರ್ವಜನಿಕ ಪೂಜಾಸ್ಥಳದಲ್ಲಿ ಪ್ರಾಣಿ ಬಲಿಯನ್ನು ತಡೆಯುವ ಕಾಯ್ದೆ 1959ರದ್ದು. ದೇವದಾಸಿ ಬಿಡುವುದನ್ನು ನಿಷೇಧಿಸಿದ್ದು 1982ರ ಕಾಯ್ದೆ. ಮತಾಂತರಕ್ಕೆ ಸಂಬಂಧಿಸಿದ ಕಾಯ್ದೆ 2022ರಲ್ಲಿ ಬಂತು. ಯಲ್ಲಮ್ಮ, ಹುಲಿಗೆಮ್ಮರ ಭಕ್ತರನ್ನು ‘ನಿಮ್ಮ ಮನೆಯಲ್ಲಿ ಯಾರನ್ನಾದರೂ ದೇವರಿಗೆ ಬಿಟ್ಟಿದ್ದೀರಾ?’ ಎಂದೋ, ಪ್ರಾರ್ಥನೆಗೆ ಹೋಗುವವರನ್ನು ‘ನೀವು ಮತಾಂತರ ಆಗಿದ್ದೀರಾ?’ ಎಂದೋ ಕೇಳುವುದು ಅವರನ್ನು ಕಟಕಟೆಗೆ ನಿಲ್ಲಿಸಿದಂತೆ. ನಮ್ಮ ಅಧ್ಯಯನಕ್ಕೆ ಬೇಕಾದದ್ದು ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋದಿರಿ, ಅಲ್ಲಿ ಏನು ನಡೆಯಿತು ಎಂಬುದಷ್ಟೇ. ಹೇಳುವುದು ಬಿಡುವುದು ಅವರ ಇಷ್ಟ.

ಆದ್ದರಿಂದ ಮಾರ್ಗದರ್ಶಿಯ ಮೊದಲ ಐದು ಸಾಲು ಪ್ರಶ್ನೆಯಲ್ಲ, ಒಪ್ಪಿಗೆಯ ಮಾತು. ನಾವು ಯಾರು, ಯಾಕೆ ಕೇಳುತ್ತಿದ್ದೇವೆ. ನಾವು ಸರ್ಕಾರದವರಲ್ಲ, ಪಕ್ಷದವರಲ್ಲ, ಯಾವ ಮಠ, ಚರ್ಚು, ಮಸೀದಿಯವರೂ ಅಲ್ಲ. ಇದರಿಂದ ರೇಷನ್ ಕಾರ್ಡಾಗಲೀ ಮನೆಯಾಗಲೀ ಸಿಗುವುದಿಲ್ಲ. ಬೇಡದ ಪ್ರಶ್ನೆ ಬಿಡಬಹುದು, ಮಧ್ಯದಲ್ಲೇ ಎದ್ದು ಹೋಗಬಹುದು. ಹೆಸರು, ಊರು, ಮೇಸ್ತ್ರಿಯ ಹೆಸರು ಎಲ್ಲೂ ಬರೆಯುವುದಿಲ್ಲ. ಇದನ್ನು ಅಚ್ಚು ಹಾಕಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಆಡುಮಾತಿನಲ್ಲಿ ಹೇಳಿ, ಅವರು ಒಪ್ಪಿದ್ದನ್ನು ದನಿಯಲ್ಲೇ ದಾಖಲಿಸುವುದು ವಾಸಿ. ಹೆಬ್ಬೆಟ್ಟು ಎಂದರೆ ಸಾಲದ ಪತ್ರ ನೆನಪಾಗುವವರ ನಡುವೆ ನಾವು ಕೂತಿರುತ್ತೇವೆ.

ಎಲ್ಲಿ, ಯಾರ ಮುಂದೆ ಎಂಬುದನ್ನೂ ಬರೆದುಕೊಳ್ಳಬೇಕು. ಮೇಸ್ತ್ರಿ ಎದುರಿಗಿದ್ದರೆ ಎಲ್ಲ ಪ್ರಶ್ನೆಗೂ ಅವನೇ ಉತ್ತರ ಕೊಡುತ್ತಾನೆ. ಗಂಡ ಪಕ್ಕದಲ್ಲಿದ್ದರೆ ಹೆಂಡತಿ ಹೊತ್ತ ಹರಕೆ ಹೊರಬರಲಿಕ್ಕಿಲ್ಲ. ಮಾಂಸದ ಎಡೆ, ಹೆಂಡದ ನೈವೇದ್ಯದ ಮಾತನ್ನು ಕೇಳುವವರ ಜಾತಿ ಊಹಿಸಿ ಮುಚ್ಚಿಡುವುದೂ ಉಂಟು. ಇದನ್ನು ಪೂರ್ತಿ ತಪ್ಪಿಸಲಾಗದು. ಯಾರು ಎದುರಿಗಿದ್ದರು ಎಂದು ಪ್ರತಿ ಸಂದರ್ಶನದ ಕೊನೆಗೆ ಎರಡು ಸಾಲು ಬರೆದಿಟ್ಟರೆ, ಮುಂದೆ ಉತ್ತರಗಳನ್ನು ಅಳೆಯುವಾಗ ಆ ಎರಡು ಸಾಲು ಕೈಹಿಡಿಯುತ್ತವೆ.

ಮಾರ್ಗದರ್ಶಿ ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಎರಡು ಮೂರು ಜನರ ಜೊತೆ ಪರೀಕ್ಷೆಗೆಂದು ಮಾತಾಡಿ, ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಿ, ಓದುವ ಮೊದಲೇ ದೂರದಿಂದ ಒಮ್ಮೆ ಆ ಪುಟಗಳನ್ನು ನೋಡಿ. ಕೇಳಿದವರ ಮಾತು ಉದ್ದ, ಹೇಳಿದವರ ಮಾತು ಗಿಡ್ಡ ಇದ್ದರೆ ಪ್ರಶ್ನೆ ಸರಿಯಿಲ್ಲ. ಒಂದೇ ಪ್ರಶ್ನೆಗೆ ಮೂವರೂ ‘ಅಂದ್ರ?’ ಎಂದು ತಿರುಗಿ ಕೇಳಿದ್ದರೆ ಅದು ಪುಸ್ತಕದ ಭಾಷೆಯಲ್ಲಿದೆ. ಮೂವರ ಉತ್ತರವೂ ಒಂದೇ ಅಚ್ಚಿನಲ್ಲಿದ್ದರೆ ಅವರು ಹೇಳಿದ್ದು ತಮ್ಮ ಬದುಕನ್ನಲ್ಲ, ನಾವು ಕೇಳಲು ಬಯಸಿದ್ದನ್ನು. ಪ್ರಶ್ನೆಯೇ ಇಲ್ಲದ ಸಂಗತಿಯೊಂದನ್ನು ಇಬ್ಬರು ತಾವಾಗಿ ಎತ್ತಿದ್ದರೆ, ಊರ ಜಾತ್ರೆಯನ್ನು ಮೊಬೈಲಿನಲ್ಲಿ ನೇರವಾಗಿ ನೋಡಿದ್ದು ಎನ್ನಿ, ಮಾರ್ಗದರ್ಶಿಯಲ್ಲಿ ಅದಕ್ಕೆ ಜಾಗ ಮಾಡಬೇಕು. ಅದಕ್ಕಾಗಿ ಫಲ ಕೊಡದ ಪ್ರಶ್ನೆಯೊಂದನ್ನು ಕೈಬಿಡಬೇಕು. ಇಲ್ಲದಿದ್ದರೆ ಎರಡು ಪುಟ ನಾಲ್ಕಾಗುತ್ತದೆ, ಎದುರಿನವರು ಆಕಳಿಸುತ್ತಾರೆ.

ಬಾಯಿಮಾತಿಗೆ ನಿಲುಕದ್ದಕ್ಕೆ ಬೇರೆ ಉಪಾಯ ಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಆಮರ್‌ಮನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂದರ್ಶನದ ಜೊತೆಗೆ, ಜನರಿಂದಲೇ ತಮಗೆ ಮುಖ್ಯವಾದ ಜಾಗಗಳ ಫೋಟೋ ತೆಗೆಸಿ, ಆ ಫೋಟೋಗಳನ್ನು ಮುಂದಿಟ್ಟುಕೊಂಡು ಮಾತಾಡಿಸಿದ್ದರು. ಇಂದು ಶೆಡ್ಡಿನಲ್ಲೂ ಮೊಬೈಲ್ ಇದೆ. ‘ನಿಮ್ಮ ಫೋನಿನ್ಯಾಗ ದೇವ್ರ ಫೋಟೋ, ಜಾತ್ರಿ ವಿಡಿಯೋ ಇದ್ರ ತೋರಿಸ್ರೀ’ ಎಂಬ ಒಂದು ಪ್ರಶ್ನೆ ಅರ್ಧ ಗಂಟೆಯ ಮಾತು ತಂದುಕೊಡಬಲ್ಲದು. ಅವರ ಅನುಮತಿ ಇಲ್ಲದೆ ಅದನ್ನು ನಮ್ಮ ಫೋನಿಗೆ ಕಳಿಸಿಕೊಳ್ಳಬಾರದು, ಅಷ್ಟೆ.

ಎರಡು ಪುಟದ ಸಾರ

ತಿದ್ದಿ ತೀಡಿದ ಮೇಲೆ ನಮ್ಮ ಮಾರ್ಗದರ್ಶಿಯ ಮುಖ್ಯ ಪ್ರಶ್ನೆಗಳು ಹೀಗೆ ನಿಲ್ಲುತ್ತವೆ:

1. ಯಾವ ಊರ್ರೀ ನಿಮ್ದು? ಮೊದಲ ಸಲ ಬೆಂಗಳೂರಿಗೆ ಬಂದ ಸುದ್ದಿ ಹೇಳ್ರೀ. ಏನೇನು ಕಟ್ಟಿಕೊಂಡು ಬಂದಿದ್ರಿ?

2. ನಿನ್ನೆ ಎದ್ದಾಗಿಂದ ಮಲಗೋ ತನಕ ಏನೇನಾತು?

3. ಈ ಪಟ, ಈ ದೀಪ ಯಾರು ಇಟ್ಟದ್ದು? ಇದನ್ನ ಯಾರು ನೋಡ್ಕೋತಾರ?

4. ಊರಾಗ ಸೋಮವಾರ ಏನ್ ಮಾಡ್ತಿದ್ರಿ? ಹೋದ ಸೋಮವಾರ ಇಲ್ಲಿ ಏನ್ ಮಾಡಿದ್ರಿ?

5. ಹೋದ ಅಮಾಸಿ ದಿನ ಏನಾತು?

6. ಊರಿಗೆ ಕಡೀ ಸಲ ಯಾವ ಹಬ್ಬಕ್ಕ, ಯಾವ ಜಾತ್ರಿಗೆ ಹೋಗಿದ್ರಿ? ಹೋಗಾಕ ಆಗದಾಗ ಏನ್ ಮಾಡ್ತೀರಿ?

7. ಕೆಲಸದ ಜಾಗದಾಗ ಯಾವಾಗಾದ್ರೂ ಪೂಜಿ ಆಗಿತ್ತೇನು? ಅವತ್ತಿನ ಸುದ್ದಿ ಹೇಳ್ರೀ.

8. ಇಲ್ಲಿಗೆ ಬಂದ ಮೇಲೆ ಮನ್ಯಾಗ ಯಾರಿಗಾದ್ರೂ ಜೋರು ಜಡ್ಡಾಗಿತ್ತೇನು? ಆವಾಗ ಏನೇನು ಮಾಡಿದ್ರಿ?

9. ಆಜೂಬಾಜೂ ಬ್ಯಾರೆ ಊರವ್ರು, ಬ್ಯಾರೆ ಭಾಷಾದವ್ರು ಅದಾರಲ್ಲ, ಅವ್ರ ಹಬ್ಬಕ್ಕ ಹೋಗಿದ್ರೇನು?

10. ಮಕ್ಕಳಿಗೆ ಇದ್ರಾಗ ಏನೇನು ಗೊತ್ತೈತಿ? ಯಾರು ಹೇಳಿಕೊಟ್ರು?

11. ನಾ ಕೇಳಲಾರದ್ದು, ನೀವು ಹೇಳಬೇಕು ಅನ್ನೋದು ಏನರ ಐತೇನ್ರೀ?

ಈ ಹಾಳೆಗೂ ಮಿತಿ ಇದೆ. ಜನ ಏನು ಮಾಡಿದೆವು ಎಂದು ಹೇಳುತ್ತಾರೆ ಎಂಬುದನ್ನು ಅದು ಕೊಡುತ್ತದೆ, ಏನು ಮಾಡಿದರು ಎಂಬುದನ್ನಲ್ಲ. ಅದಕ್ಕೆ ಒಂದು ಅಮಾವಾಸ್ಯೆಯಾದರೂ ಶೆಡ್ಡಿನಲ್ಲಿ ಕೂತು ಕಣ್ಣಾರೆ ನೋಡಬೇಕು. ಯಾದಗಿರಿಯವರಿಗೆಂದು ಬರೆದದ್ದು ಬಿಹಾರದ ಛಠ್ ಮಾಡುವವರಿಗೆ ಹೊಂದುವುದಿಲ್ಲ, ಅವರಿಗೆ ಅಮಾವಾಸ್ಯೆಯ ಬದಲು ಕೆರೆ, ನದಿಯ ದಡ ಎಲ್ಲಿ ಸಿಕ್ಕಿತು ಎಂದು ಕೇಳಬೇಕಾಗುತ್ತದೆ. ಮಾರ್ಗದರ್ಶಿಯನ್ನು ಬೇರೆಯವರಿಂದ ಎರವಲು ತಂದು ಕೆಲಸ ಮುಗಿಸುವ ಅಭ್ಯಾಸ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದೆ. ಧರ್ಮದ ಅಧ್ಯಯನದಲ್ಲಿ ಅದು ಖಂಡಿತ ಸಲ್ಲದು. ಪ್ರಶ್ನೆ ಬರೆಯಲು ಕೂರುವ ಮುನ್ನ ಆ ಜನರ ಪಂಚಾಂಗ, ಅಡುಗೆ, ಕೆಲಸದ ವೇಳೆ ಇವಿಷ್ಟನ್ನಾದರೂ ಕಲಿತುಕೊಳ್ಳಿ. ಅಷ್ಟು ತಿಳಿಯದೆ ಕೇಳಿದವರಿಗೆ ‘ಎಲ್ಲಾ ಮಾಡ್ತೀವ್ರೀ’ ಎಂಬುದಕ್ಕಿಂತ ಹೆಚ್ಚಿನದು ಸಿಗುವುದಿಲ್ಲ.